‘ಕಟ್ಟು’ ಅಂದರೆ ಎಷ್ಟು ಅರ್ಥ? ನಿಘಂಟು ತಯಾರಾಗುವ ಬಗೆ

ಮನೆ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ಇಷ್ಟಕ್ಕೂ ಒಂದೇ ಪದ. ನಿಘಂಟು ಮಾಡುವವರು ಇದನ್ನು ಹೇಗೆ ಬಿಡಿಸುತ್ತಾರೆ ಅಂತ ನೋಡೋಣ.

ಮೊದಲ ಕೆಲಸ ವಾಕ್ಯಗಳನ್ನು ಕೂಡಿಸುವುದು. ಅರ್ಥ ಬರೆಯುವುದು ಆಮೇಲೆ. ಓದುವಾಗ ಪದ ಸಿಕ್ಕಿತು ಅಂದರೆ ಒಂದು ಚೀಟಿ. ಮೇಲೆ ಪದ, ಕೆಳಗೆ ಅದು ಬಂದ ಇಡೀ ವಾಕ್ಯ, ಆಮೇಲೆ ಕೃತಿಯ ಹೆಸರು, ಕಾಲ, ಪುಟ ಅಥವಾ ಪದ್ಯದ ಸಂಖ್ಯೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿಗೆ ಶಾಸನಗಳಿಂದ ಹಿಡಿದು ಹೊಸಗನ್ನಡದವರೆಗೆ ಹೀಗೆ ಪ್ರಯೋಗಗಳನ್ನು ಹೆಕ್ಕಿದರು. ಅದರ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅಷ್ಟು ಕಾಲ ಹಿಡಿಯುವ ಕೆಲಸ ಇದು.

ಇಲ್ಲೇ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಓದುವವರ ಕಣ್ಣು ಅಪರೂಪದ ಪದಕ್ಕೆ ಸಿಕ್ಕಿಕೊಳ್ಳುತ್ತದೆ, ದಿನಬಳಕೆಯ ಪದವನ್ನು ದಾಟಿಬಿಡುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಇದನ್ನೇ ಹೇಳಿಕೊಂಡಿದ್ದರು. ಯಾರೂ ಬಳಸದ ‘ಅಬ್ಯೂಷನ್’ ಪದಕ್ಕೆ ಸುಮಾರು 50 ಚೀಟಿ ಬಂದಿದ್ದವು, ಎಲ್ಲರೂ ಬಳಸುವ ‘ಅಬ್ಯೂಸ್’ ಪದಕ್ಕೆ ಐದೂ ಇರಲಿಲ್ಲ. ಈಗ ಕಂಪ್ಯೂಟರಿಗೆ ಪಠ್ಯ ತುಂಬಿ ಹುಡುಕಬಹುದು, ಆ ಕೊರತೆ ಕಡಿಮೆಯಾಗುತ್ತದೆ. ಆದರೆ ಕನ್ನಡದಲ್ಲಿ ‘ಕಟ್ಟು’ ಅಂತ ಸುಮ್ನೆ ಹುಡುಕಿದರೆ ಸಾಲದು. ಕಟ್ಟಿದ, ಕಟ್ಟಿಸು, ಕಟ್ಟಿಕೊಂಡ ಎಲ್ಲವೂ ಬೇಕು. ‘ಬೆಲೆಗಟ್ಟು’ ಅಂದಾಗ ‘ಕ’ ಹೋಗಿ ‘ಗ’ ಬಂದಿರುತ್ತದೆ, ಅದನ್ನೂ ಹಿಡಿಯಬೇಕು.

ಚೀಟಿಗಳು ಕೂಡಿದ ಮೇಲೆ ಅವನ್ನು ಮೇಜಿನ ಮೇಲೆ ಹರಡಿ ಗುಂಪು ಮಾಡುತ್ತಾರೆ. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಇಷ್ಟವಾಗುವುದು ಈ ಹಂತ. ಎರಡು ವಾಕ್ಯಗಳಲ್ಲಿರುವುದು ಒಂದೇ ಅರ್ಥವೋ ಬೇರೆಯೋ ಅಂತ ತಿಳಿಯಲು ಒಂದು ಉಪಾಯ, ಎದುರು ಪದ ಹಾಕಿ ನೋಡುವುದು. ಕಟ್ಟಿದ ಹಸುವನ್ನು ಬಿಚ್ಚಬಹುದು, ಕಟ್ಟಿದ ಬುತ್ತಿಯನ್ನೂ ಬಿಚ್ಚಬಹುದು. ಹಾಗಾಗಿ ಅವೆರಡೂ ಒಂದೇ ಗುಂಪು. ಕಟ್ಟಿದ ಮನೆಯನ್ನು ಬಿಚ್ಚುವುದಿಲ್ಲ, ಕೆಡವುತ್ತೇವೆ. ಅದು ಬೇರೆ ಗುಂಪು. ಇನ್ನೊಂದು ಉಪಾಯ, ಎರಡನ್ನೂ ಒಂದೇ ಕ್ರಿಯಾಪದಕ್ಕೆ ಜೋಡಿಸುವುದು. ‘ಅವನು ಹಸುವನ್ನೂ ಎಮ್ಮೆಯನ್ನೂ ಕಟ್ಟಿದ’ ಸರಾಗವಾಗಿದೆ. ‘ಅವನು ಮನೆಯನ್ನೂ ಫೀಸನ್ನೂ ಕಟ್ಟಿದ’ ಅಂದರೆ ಕಿವಿಗೆ ತೊಡಕು, ಅಲ್ವಾ? ಆ ತೊಡಕೇ ಅರ್ಥ ಬೇರೆ ಅನ್ನುವ ಗುರುತು. ‘ಮೂಗು ಕಟ್ಟಿದೆ’ ಇನ್ನೂ ಬೇರೆ. ಅಲ್ಲಿ ಕಟ್ಟುವವರು ಯಾರೂ ಇಲ್ಲ, ಮೂಗೇ ಕರ್ತೃ.

ಗುಂಪು ಹೆಚ್ಚಾದರೂ ಕಷ್ಟ. ಹೂ ಕಟ್ಟುವುದಕ್ಕೆ ಒಂದು, ಸೊಪ್ಪು ಕಟ್ಟುವುದಕ್ಕೆ ಒಂದು ಅಂತ ಅರ್ಥ ಕೊಡುತ್ತಾ ಹೋದರೆ ಓದುವವರು ದಾರಿ ತಪ್ಪುತ್ತಾರೆ. ಕಟ್ಟುವ ವಸ್ತು ಬದಲಾದ ಮಾತ್ರಕ್ಕೆ ಅರ್ಥ ಬದಲಾಗುವುದಿಲ್ಲ.

ಆಮೇಲೆ ಅರ್ಥ ಬರೆಯುವುದು. ‘ಕಟ್ಟು’ ಅಂದರೆ ‘ಬಿಗಿ’, ‘ಬಿಗಿ’ ಅಂದರೆ ‘ಕಟ್ಟು’ ಅಂತ ಬರೆದರೆ ಗೊತ್ತಿಲ್ಲದವರಿಗೆ ಏನೂ ಸಿಗುವುದಿಲ್ಲ. ‘ಹಗ್ಗ, ದಾರ ಮೊದಲಾದವನ್ನು ಸುತ್ತಿ ಗಂಟು ಹಾಕಿ ಬಿಡಿಸಿಕೊಳ್ಳದಂತೆ ಮಾಡು’ ಅಂದಾಗ ಕೈಯ ಕೆಲಸ ಕಣ್ಣಿಗೆ ಕಾಣುತ್ತದೆ. ಬರೆದದ್ದನ್ನು ಆ ಗುಂಪಿನ ಪ್ರತಿ ಚೀಟಿಗೂ ಹಚ್ಚಿ ನೋಡಬೇಕು. ಒಂದು ಚೀಟಿಗೆ ಹೊಂದದಿದ್ದರೂ ಗುಂಪು ತಪ್ಪಿರಬಹುದು, ಇಲ್ಲವೇ ವಿವರಣೆ ತಪ್ಪಿರಬಹುದು.

ಯಾವ ಪದಕ್ಕೆ ಜಾಗ ಕೊಡಬೇಕು? ಬೇರೆ ಬೇರೆ ಜನ, ಬೇರೆ ಬೇರೆ ಕಡೆ, ಕೆಲವು ವರ್ಷ ಬಿಡದೆ ಬಳಸಿದ್ದಾರೆಯೇ ಅಂತ ನೋಡುತ್ತಾರೆ. ಬರೆದವರು ಪಕ್ಕದಲ್ಲಿ ವಿವರಣೆ ಕೊಡದೆ ಬಳಸುತ್ತಿದ್ದಾರೆ ಅಂದರೆ ಪದ ಬೇರುಬಿಟ್ಟಿದೆ. ‘ಬಸ್ಸು’ ಹೊರಗಿನಿಂದ ಬಂದದ್ದು ಅನ್ನುವುದು ಬಿಡಲು ಕಾರಣವಲ್ಲ. ಬಳಕೆಯ ವಾಕ್ಯವಿರುವ ಚೀಟಿಯೇ ಇಲ್ಲದ ಪದ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 1934ರ ವೆಬ್‌ಸ್ಟರ್ ನಿಘಂಟು ಸಾಕ್ಷಿ. ಸಾಂದ್ರತೆ ಅನ್ನುವುದಕ್ಕೆ ಚಿಕ್ಕ ರೂಪವಾಗಿ ‘ಡಿ’ ಅಕ್ಷರವನ್ನು ದೊಡ್ಡದಾಗಿಯೋ ಚಿಕ್ಕದಾಗಿಯೋ ಬರೆಯಬಹುದು ಅಂತ ತಿಳಿಸುವ ಚೀಟಿಯಲ್ಲಿ ‘D or d’, ಅಂದರೆ ದೊಡ್ಡ ಡಿ ಅಥವಾ ಚಿಕ್ಕ ಡಿ, ಅಂತ ಇತ್ತು. ಅದನ್ನು ಕೂಡಿಸಿ ಓದಿ ‘ಡಾರ್ಡ್’ ಅನ್ನುವ ಪದವನ್ನೇ ಅಚ್ಚು ಹಾಕಿದರು. ಅದಕ್ಕೆ ಮೂಲವೇ ಇಲ್ಲ ಅಂತ ಸಂಪಾದಕರ ಕಣ್ಣಿಗೆ ಬಿದ್ದದ್ದು 1939ರಲ್ಲಿ.

ಪುಸ್ತಕದ ಚೀಟಿಗಳು ಮುಟ್ಟದ ಜಾಗವೂ ಇದೆ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ನೀರಿಗೂ ‘ಕಟ್ಟು’ ಅಂತಲೇ ಹೆಸರು. ಅದು ನಾಮಪದ, ಹಗ್ಗದ ಕಟ್ಟಿಗೂ ಅದಕ್ಕೂ ಸಂಬಂಧ ಕಾಣುವುದಿಲ್ಲ, ಹಾಗಾಗಿ ಬೇರೆಯೇ ನಮೂದು ಬೇಕು. ಅಡುಗೆಮನೆಯ ಇಂಥ ಮಾತನ್ನು ಕೇಳಿಯೇ ಬರೆದುಕೊಳ್ಳಬೇಕು. ಆಡಿದವರ ಊರು, ವಯಸ್ಸು, ತಾರೀಖು ಹಾಕಿ, ತಿದ್ದದೆ, ಆಡಿದ ಹಾಗೇ: ‘ಕಟ್ಟು ಚೆಲ್ಲಬೇಡ್ವೇ, ಸಾರಿಗೆ ಬೇಕು.’