ಕೇಸ್ ತಾಯಂದಿರು, ಕಂಟ್ರೋಲ್ ತಾಯಂದಿರು ಮತ್ತು ಒಂದೇ ಪ್ರಶ್ನೆ: ನನ್ನ ಅನುಭವ

ಗರ್ಭಿಣಿಯಾಗಿದ್ದಾಗ ತೆಗೆದುಕೊಂಡ ಮಾತ್ರೆಗಳ ಬಗ್ಗೆ ತಾಯಂದಿರ ನೆನಪು ಕೇಳುವ ನಮ್ಮ ಅಧ್ಯಯನದ ಎರಡನೇ ಸಲದ ಲೆಕ್ಕ ಕೈಗೆ ಬಂದು ತಿಂಗಳಾಯಿತು. ಹುಟ್ಟುದೋಷ ಇರುವ ಮಗುವಿನ ತಾಯಂದಿರು ಕೇಸ್, ಆರೋಗ್ಯವಾಗಿರುವ ಮಗುವಿನ ತಾಯಂದಿರು ಕಂಟ್ರೋಲ್. ಸಂದರ್ಶನದಲ್ಲಿ ಬಂದ ಉತ್ತರಕ್ಕೂ ದಾಖಲೆಗೂ ಈ ಸಲ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಅಂತರ. "ಇದಕ್ಕೆಲ್ಲ ದುಡ್ಡು ಸುರಿಯೋದು ದಂಡ, ನೆನಪು ಅಂದ್ಮೇಲೆ ತಪ್ಪು ಇದ್ದೇ ಇರುತ್ತೆ" ಅಂತ ಹೇಳಿದವರು ನಮ್ಮ ತಂಡದಲ್ಲೇ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಿಷಯ ಇಷ್ಟು: ಗರ್ಭದ ಮೊದಲ ಮೂರು ತಿಂಗಳಲ್ಲಿ ನೋವಿನ ಮಾತ್ರೆ ತೆಗೆದುಕೊಂಡದ್ದಕ್ಕೂ ಮಗುವಿನ ಒಂದು ಹುಟ್ಟುದೋಷಕ್ಕೂ ಸಂಬಂಧ ಇದೆಯಾ? ಮೊದಲ ಸುತ್ತಿನಲ್ಲಿ ಕೇಸ್ ಸುಮಾರು 200, ಕಂಟ್ರೋಲ್ ಅಷ್ಟೇ. ಆಡ್ಸ್ ರೇಶಿಯೊ, ಅಂದರೆ ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಇರುವ ಅನುಪಾತ ಕೇಸ್‌ಗಳಲ್ಲಿ ಕಂಟ್ರೋಲ್‌ಗಳಿಗಿಂತ ಎಷ್ಟು ಪಟ್ಟು ಅನ್ನುವ ಸಂಖ್ಯೆ, ಒಂದೂವರೆಯ ಆಸುಪಾಸು ಬಂತು. ಎಲ್ಲರಿಗೂ ಖುಷಿ. ನನಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ಕೇಸ್ ತಾಯಂದಿರ ಸಂದರ್ಶನ ಸರಾಸರಿ 40 ನಿಮಿಷ ಹಿಡಿದಿತ್ತು, ಕಂಟ್ರೋಲ್‌ಗಳದ್ದು 27. ಪ್ರಶ್ನಾವಳಿ ಒಂದೇ ಆಗಿರುವಾಗ ಆ 13 ನಿಮಿಷ ಎಲ್ಲಿಂದ ಬಂತು?

ಧ್ವನಿಮುದ್ರಣ ಕೇಳಲು ಕೂತೆ. ಎಲ್ಲವನ್ನೂ ಅಲ್ಲ, ಒಂದು ಇಪ್ಪತ್ತು. ಕೇಸ್ ತಾಯಿಯ ಹತ್ತಿರ ನಮ್ಮ ಸಂದರ್ಶಕಿ ಕೇಳಿದ್ದು ಹೀಗೆ: "ಅಕ್ಕಾ, ಸರಿಯಾಗಿ ಯೋಚನೆ ಮಾಡಿ ಹೇಳಿ, ಒಂದು ಮಾತ್ರೆನೂ ತಗೊಂಡಿಲ್ವಾ?" ಅದೇ ಹುಡುಗಿ ಅದೇ ವಾರ ಕಂಟ್ರೋಲ್ ತಾಯಿಯ ಹತ್ತಿರ: "ಮಾತ್ರೆ ಏನೂ ತಗೊಂಡಿಲ್ಲ ಅಲ್ವಾ ಅಕ್ಕಾ?" ಆಕೆ "ಇಲ್ಲಪ್ಪ" ಅಂದರು. ಮುಂದಿನ ಪ್ರಶ್ನೆ. ಹಾಳೆಯ ಮೇಲೆ ಎರಡೂ ಒಂದೇ ಪ್ರಶ್ನೆ. ಆ ಹುಡುಗಿಯದು ತಪ್ಪಲ್ಲ, ಮಗುವಿನ ಸ್ಥಿತಿ ನೋಡಿ ಮನಸ್ಸು ಕರಗಿದೆ, ಕಾರಣ ಹುಡುಕಿ ಕೊಡಬೇಕು ಅನಿಸಿದೆ. ತಾಯಿಯೂ ಅಷ್ಟೇ. ಮಗುವಿಗೆ ಹೀಗಾದ ಮೇಲೆ ಆ ಮೂರು ತಿಂಗಳನ್ನು ನೂರು ಸಲ ತಿರುವಿ ಹಾಕಿರುತ್ತಾಳೆ. ಆರೋಗ್ಯವಾಗಿರುವ ಮಗುವಿನ ತಾಯಿಗೆ ಆ ತಲೆನೋವಿನ ಮಾತ್ರೆ ಯಾಕೆ ನೆನಪಿರಬೇಕು?

ಇಷ್ಟಕ್ಕೇ ಒಂದೂವರೆ ಬರುತ್ತದಾ ಅಂತ ಕೇಳುವವರಿಗೆ ನಾನು ಒಂದು ಕಾಗದದ ಲೆಕ್ಕ ತೋರಿಸುತ್ತೇನೆ. ಎರಡೂ ಗುಂಪಿನಲ್ಲಿ 200 ಜನ, ನಿಜವಾಗಿ ಮಾತ್ರೆ ತೆಗೆದುಕೊಂಡವರು ಎರಡೂ ಕಡೆ 40 ಅಂತ ಇಟ್ಟುಕೊಳ್ಳಿ. ಅಂದರೆ ನಿಜವಾದ ಆಡ್ಸ್ ರೇಶಿಯೊ 1, ಸಂಬಂಧವೇ ಇಲ್ಲ. ತೆಗೆದುಕೊಂಡವರಲ್ಲಿ ಕೇಸ್ ತಾಯಂದಿರು ನೂರಕ್ಕೆ 90 ಜನ ನೆನಪಿಸಿಕೊಂಡರು, ಕಂಟ್ರೋಲ್‌ಗಳು 60. ತೆಗೆದುಕೊಳ್ಳದವರಲ್ಲಿ ಎರಡೂ ಕಡೆ ನೂರಕ್ಕೆ ಮೂವರು ತಪ್ಪಾಗಿ "ಹೌದು" ಅಂದರು. ಈಗ ಕೇಸ್‌ಗಳಲ್ಲಿ "ಹೌದು" 36 ಮತ್ತು 5, ಒಟ್ಟು 41. ಕಂಟ್ರೋಲ್‌ಗಳಲ್ಲಿ 24 ಮತ್ತು 5, ಒಟ್ಟು 29. ಆಡ್ಸ್ ರೇಶಿಯೊ 1.5 ದಾಟಿತು. ಏನೂ ಇಲ್ಲದ ಕಡೆ ಬರೀ ನೆನಪಿನಿಂದ ಹುಟ್ಟಿದ ಸಂಬಂಧ ಇದು. ಎರಡೂ ಕಡೆ ನೂರಕ್ಕೆ 60 ಜನವೇ ನೆನಪಿಸಿಕೊಂಡಿದ್ದರೆ ಅದು 1ರಲ್ಲೇ ನಿಲ್ಲುತ್ತಿತ್ತು. ಅದಕ್ಕೇ ನನ್ನ ಗುರಿ ತಪ್ಪನ್ನು ಪೂರ್ತಿ ತೆಗೆಯುವುದಾಗಿರಲಿಲ್ಲ. ತಪ್ಪು ಎರಡೂ ಕಡೆ ಸಮನಾಗಿರಬೇಕು, ಎಷ್ಟಿದೆ ಅಂತ ಗೊತ್ತಿರಬೇಕು. ಸಮನಾದ ತಪ್ಪಿಗೂ ಬೆಲೆ ಇದೆ. ನಿಜವಾದ ಸಂಬಂಧ ಇದ್ದರೆ ಅದು ಸಾಮಾನ್ಯವಾಗಿ 1ರ ಕಡೆಗೆ ಕುಗ್ಗಿ ಕಾಣುತ್ತದೆ.

ಎರಡನೇ ಸುತ್ತಿಗೆ ಮೊದಲು ಮಾಡಿದ ಪ್ರಯತ್ನ ಕೆಟ್ಟಿತು. ಯಾರು ಕೇಸ್, ಯಾರು ಕಂಟ್ರೋಲ್ ಅಂತ ಸಂದರ್ಶಕಿಯರಿಗೆ ಹೇಳದೆ ಕಳಿಸಿದೆವು. ಕೂತ ಐದು ನಿಮಿಷದಲ್ಲಿ ತಾಯಿಯೇ ಎಲ್ಲ ಹೇಳಿಬಿಡುತ್ತಿದ್ದರು. ಯಾಕೆಂದರೆ ನಮ್ಮ ಮೊದಲ ಪ್ರಶ್ನೆಯೇ "ಮಗು ಹೇಗಿದೆ" ಅಂತ ಇತ್ತು! ಸುಮಾರು 30 ಸಂದರ್ಶನ, ಅದರ ಓಡಾಟದ ಖರ್ಚು, ಎಲ್ಲ ಹೋಯಿತು. ಆಮೇಲೆ ಮಗುವಿನ ಪ್ರಶ್ನೆಗಳನ್ನು ಪೂರ್ತಿ ತೆಗೆದು ಬೇರೊಬ್ಬರಿಂದ ಬೇರೆ ದಿನ ಕೇಳಿಸಿದೆವು. ನಾವು ನೋವಿನ ಮಾತ್ರೆ ಹುಡುಕುತ್ತಿದ್ದೇವೆ ಅಂತ ತಾಯಂದಿರಿಗೂ ಗೊತ್ತಿಲ್ಲ, ಸಂದರ್ಶಕಿಯರಿಗೂ ಗೊತ್ತಿಲ್ಲ. ಒಪ್ಪಿಗೆ ಪತ್ರದಲ್ಲಿ ಗರ್ಭಿಣಿಯರ ಆರೋಗ್ಯದ ಅಧ್ಯಯನ ಅಂತಲೇ ಬರೆದೆವು, ನೈತಿಕ ಸಮಿತಿ ಒಪ್ಪಿತು. ಪ್ರತಿ ಸಂದರ್ಶಕಿಗೂ ಕೇಸ್, ಕಂಟ್ರೋಲ್ ಸಮನಾಗಿ ಹಂಚಿದೆವು. ಕೊನೆಯಲ್ಲಿ ಒಂದು ಗೆರೆ: "ಇವರು ಯಾವ ಗುಂಪು, ಊಹಿಸಿ." ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ 50 ಸರಿ ಬರುತ್ತದೆ. ನಮ್ಮವರದ್ದು 60ರ ಹತ್ತಿರ ಇತ್ತು. ಗುಟ್ಟು ಒಡೆದ ಸಂದರ್ಶನಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದೆ, ಉತ್ತರ ಅಲ್ಲಾಡಲಿಲ್ಲ.

ಇನ್ನು ಪ್ರಶ್ನೆ. "ನೋವಿನ ಮಾತ್ರೆ ತಗೊಂಡಿದ್ರಾ" ಅಂತ ಕೇಳಿದರೆ ಕಂಟ್ರೋಲ್ ತಾಯಿ ಸುಮ್ನೆ ಇಲ್ಲ ಅನ್ನುತ್ತಾರೆ. ಮೊದಲು ಕ್ಯಾಲೆಂಡರ್ ಹಾಳೆ ಬಿಚ್ಚಿ ಕೊನೆಯ ಮುಟ್ಟಿನ ದಿನ ಗುರುತು ಹಾಕಿದೆವು. ಗರ್ಭಿಣಿ ಅಂತ ಗೊತ್ತಾದ ದಿನ, ಮನೆ ಬದಲಿಸಿದ್ದು, ದೂರದ ಪ್ರಯಾಣ, ಇವೆಲ್ಲ ತುಂಬಿದ ಮೇಲೆ "ಆ ಪ್ರಯಾಣದ ಹೊತ್ತಿಗೆ ಸೊಂಟ ನೋವು, ಜ್ವರ, ತಲೆನೋವು ಏನಾದ್ರೂ ಬಂದಿತ್ತಾ? ಆಗ ಏನು ಮಾಡಿದ್ರಿ?" ಅಂತ ಕೇಳಿದೆವು. ಆಮೇಲೆ ಮಾತ್ರೆ ಪಟ್ಟಿಗಳ ಫೋಟೊ ತೋರಿಸಿದೆವು. ಮರುಪ್ರಶ್ನೆ ಎಷ್ಟು, ಯಾವ ಮಾತಿನಲ್ಲಿ ಅಂತ ಅಚ್ಚು ಹಾಕಿಸಿದ್ದೆ, ಎರಡಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಕ್ಯಾಲೆಂಡರ್‌ನ ಮೊದಲ ನಾಲ್ಕು ಪ್ರಶ್ನೆಗಳ ಕ್ರಮ ಇಲ್ಲಿ ಬರೆಯುವುದಿಲ್ಲ. ಅದನ್ನು ಕೂಡಿಸಲು ನನಗೆ ಒಂದು ವರ್ಷ ಹಿಡಿದಿದೆ.

ಮನೆಯಲ್ಲಿ ಉಳಿದ ಮಾತ್ರೆ ಪಟ್ಟಿ ತೋರಿಸಲು ಕೇಳಿದ್ದೂ ಉಪಯೋಗಕ್ಕೆ ಬಂತು. ಒಬ್ಬರು ಇದೇ ತಗೊಂಡಿದ್ದು ಅಂತ ಖಂಡಿತವಾಗಿ ಹೇಳಿದರು. ಪಟ್ಟಿಯ ಹಿಂದೆ ತಯಾರಿಕೆ ತಿಂಗಳು ನೋಡಿದರೆ ಗರ್ಭದ ಆರನೇ ತಿಂಗಳಿನದ್ದು. ಮೊದಲ ಮೂರು ತಿಂಗಳಲ್ಲಿ ಆ ಪಟ್ಟಿ ಹುಟ್ಟೇ ಇರಲಿಲ್ಲ.

ನಡುವೆ ಒಂದು ಬೇರೆ ಪ್ರಯೋಗ ಮಾಡಿದೆ. ಕೇಳುವ ಔಷಧಿ ಹೆಸರುಗಳ ನಡುವೆ ಲೋಕದಲ್ಲೇ ಇಲ್ಲದ ಔಷಧಿಯ ಹೆಸರೊಂದನ್ನು ಸೇರಿಸಿದೆ. ನೂರಕ್ಕೆ ಮೂರ್ನಾಲ್ಕು ಜನ "ತಗೊಂಡಿದ್ದೆ" ಅಂದರು, ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಕೇಸ್ ಕಡೆ ಅದು ಜಾಸ್ತಿ ಇದ್ದಿದ್ದರೆ, ಉಳಿದ "ಹೌದು"ಗಳನ್ನೂ ನಂಬುತ್ತಿರಲಿಲ್ಲ. ಹೆಸರು ಹೇಳುವುದಿಲ್ಲ, ಮುಂದಿನ ಅಧ್ಯಯನಕ್ಕೂ ಬೇಕು. ಬೇರೆ ಹುಟ್ಟುದೋಷದ ಮಕ್ಕಳ ತಾಯಂದಿರನ್ನೂ ಒಂದು 60 ಜನ ಎರಡನೇ ಕಂಟ್ರೋಲ್ ಗುಂಪಾಗಿ ಸೇರಿಸಿದೆ. ಅವರೂ ಕೇಸ್ ತಾಯಂದಿರಷ್ಟೇ ನೆನಪು ಕೆದಕಿರುತ್ತಾರೆ. ಆದರೆ ಆ ದೋಷಕ್ಕೂ ಅದೇ ಮಾತ್ರೆ ಕಾರಣವಾಗಿದ್ದರೆ ನಿಜವಾದ ಸಂಬಂಧವೇ ಮುಚ್ಚಿಹೋಗುತ್ತದೆ. ಹಾಗಾಗಿ ಆ ಗುಂಪೊಂದನ್ನೇ ನಂಬಲಿಲ್ಲ.

ದುಡ್ಡು ಜಾಸ್ತಿ ಹೋದದ್ದು ದಾಖಲೆ ತೆಗೆಸಲು. ಬಜೆಟ್ಟಿನ ಮೂರನೇ ಒಂದು ಭಾಗ. ಸುಮಾರು 150 ತಾಯಂದಿರ ತಪಾಸಣೆ ಕಾರ್ಡು, ಔಷಧಿ ಚೀಟಿ ಹೊಂದಿಸಿ ನೋಡಿದೆವು. ದಾಖಲೆಯಲ್ಲಿದ್ದ ಮಾತ್ರೆಯನ್ನು ಕೇಸ್ ತಾಯಂದಿರು ನೂರಕ್ಕೆ 80ರಷ್ಟು ಹೇಳಿದ್ದರು, ಕಂಟ್ರೋಲ್‌ಗಳು 76ರಷ್ಟು. ಸಂದರ್ಶನದ ಅಂತರ 13 ನಿಮಿಷದಿಂದ ಎರಡಕ್ಕೆ ಇಳಿದಿತ್ತು. ಆಡ್ಸ್ ರೇಶಿಯೊ 1.1. ದುಡ್ಡು ದಂಡ ಅಂದವರೇ ಮೊದಲ ಸುತ್ತಿನ ಲೆಕ್ಕವನ್ನು ಪ್ರಕಟಿಸುವುದು ಬೇಡ ಅಂದರು.

ಚೀಟಿ ಇಲ್ಲದೆ ಅಂಗಡಿಯಿಂದ ಕೊಂಡ ಮಾತ್ರೆ ಯಾವ ದಾಖಲೆಯಲ್ಲೂ ಇಲ್ಲ. ಅಲ್ಲಿ ತಾಯಿಯ ಮಾತನ್ನು ಹೋಲಿಸಲು ನನಗೆ ಏನೂ ಸಿಕ್ಕಿಲ್ಲ. ಮೂರನೇ ಸುತ್ತಿನಲ್ಲಿ ಗರ್ಭಿಣಿಯರಿಗೆ ಮೊದಲ ತಪಾಸಣೆಯಲ್ಲೇ ಒಂದು ಸಣ್ಣ ಡೈರಿ ಕೊಟ್ಟು ಶುರು ಮಾಡಿದ್ದೇನೆ. ಮಗು ಹುಟ್ಟುವ ಮೊದಲೇ ಬರೆದದ್ದು ಅದರಲ್ಲಿರುತ್ತದೆ. ಇದುವರೆಗೆ ಹಂಚಿದ ಡೈರಿಗಳಲ್ಲಿ ಅರ್ಧದಷ್ಟು ವಾಪಸ್ ಬಂದಿವೆ.