ದುಬೈ ರಿಕ್ರೂಟರ್‌ಗೆ ವಾಟ್ಸಾಪ್: ನಾಲ್ಕೈದು ಸಾಲು ಸಾಕು

ವಿಸಿಟ್ ವೀಸಾದಲ್ಲಿ ದುಬೈಗೆ ಬಂದವರಿಗೆ ದಿನಗಳ ಲೆಕ್ಕ ಇರುತ್ತದೆ. ಹಾಗಾಗಿ ನಂಬರ್ ಸಿಕ್ಕಿದ ತಕ್ಷಣ ರಿಕ್ರೂಟರ್‌ಗೆ ಮೆಸೇಜ್ ಹಾಕುತ್ತೀರಿ. ಆ ಆತುರ ನನಗೆ ಅರ್ಥವಾಗುತ್ತದೆ. ಆದರೆ ಬರೀ "ಹಾಯ್ ಸರ್" ಎಂದು ಕಳಿಸಿ ಉತ್ತರಕ್ಕೆ ಕಾಯಬೇಡಿ. ನೋಟಿಫಿಕೇಶನ್‌ನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ನೀವು ಯಾರು, ಯಾವ ಕೆಲಸಕ್ಕೆ ಎಂಬುದು ಅಲ್ಲೇ ಇರಬೇಕು.

ಕಳೆದ ತಿಂಗಳು ದಾವಣಗೆರೆಯ ಹುಡುಗನೊಬ್ಬ ತನ್ನ ಮೆಸೇಜ್ ತೋರಿಸಿದ. ಓದಲು ಎರಡು ಸಲ ಸ್ಕ್ರಾಲ್ ಮಾಡಬೇಕಾಯಿತು. ಮನೆಯ ಸಾಲ, ತಂಗಿಯ ಮದುವೆ, ಕೊನೆಗೆ "ಯಾವ ಕೆಲಸ ಆದರೂ ಮಾಡುತ್ತೇನೆ". ಅವನು ಬರೆದದ್ದೆಲ್ಲ ನಿಜವೇ. ಆದರೆ ರಿಕ್ರೂಟರ್ ಕೈಯಲ್ಲಿ ಇರುವುದು ಒಂದು ನಿರ್ದಿಷ್ಟ ಹುದ್ದೆ. ಯಾವುದಾದರೂ ಸರಿ ಎಂದವನನ್ನು ಅವರು ಯಾವ ಹುದ್ದೆಗೆ ಕಳಿಸಬೇಕು? ಇಬ್ಬರೂ ಕೂತು ಅದನ್ನು ಹೀಗೆ ಮಾಡಿದೆವು:

"ನಮಸ್ಕಾರ. ನೀವು ಹಾಕಿದ್ದ ಅಕೌಂಟೆಂಟ್ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಬಿ.ಕಾಂ. ಆಗಿದೆ. ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸದಲ್ಲಿ 3 ವರ್ಷದ ಅನುಭವ ಇದೆ. ಈಗ ದುಬೈನಲ್ಲೇ ವಿಸಿಟ್ ವೀಸಾದಲ್ಲಿದ್ದೇನೆ, ತಕ್ಷಣ ಸೇರಬಹುದು. ಸಿವಿ ಜೊತೆಗಿದೆ. ಈ ಹುದ್ದೆ ಇನ್ನೂ ಖಾಲಿ ಇದೆಯೇ?"

ಇದನ್ನೇ ಸರಳ ಇಂಗ್ಲಿಷಿನಲ್ಲಿ ಕಳಿಸಿ. ವೀಸಾ ಮತ್ತು ಸೇರುವ ದಿನದ ಸಾಲನ್ನು ಮಾತ್ರ ಬಿಡಬೇಡಿ, ಇಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ. ಈಗಾಗಲೇ ಇಲ್ಲಿ ಕೆಲಸದಲ್ಲಿದ್ದರೆ ನೋಟಿಸ್ ಪೀರಿಯಡ್ ಎಷ್ಟು ದಿನ ಎಂದು ಬರೆಯಿರಿ. ಕೊನೆಯ ಸಾಲು ಪ್ರಶ್ನೆಯಾಗಿರಲಿ. ಹೌದು ಅಥವಾ ಇಲ್ಲ ಎಂದು ಉತ್ತರಿಸುವುದು ಅವರಿಗೆ ಸುಲಭ.

ಮರ್ಯಾದೆಗೆ ಹೆಸರಿಗೆ ಮೊದಲು ಮಿಸ್ಟರ್ ಅಥವಾ ಮಿಸ್ ಒಂದು ಸಲ ಸಾಕು. ಸಾಲಿಗೊಂದು "ಸರ್", ಕೈಮುಗಿಯುವ ಇಮೋಜಿಗಳ ಸಾಲು, "ಅಣ್ಣಾ, ದಯವಿಟ್ಟು" ಎಂಬ ಧಾಟಿ ಬೇಡ. ನಾವು ವಿನಯ ಎಂದುಕೊಂಡದ್ದು ಅವರಿಗೆ ಒತ್ತಾಯದಂತೆ ಕೇಳಿಸುತ್ತದೆ. ವಾಯ್ಸ್ ನೋಟ್ ಕೂಡ ಬೇಡ. ಆಫೀಸಿನಲ್ಲಿ ಕೂತವರು ಅದನ್ನು ಕೇಳಲು ಇಯರ್‌ಫೋನ್ ಹುಡುಕಬೇಕು, ಆಮೇಲೆ ಹುಡುಕಿದರೆ ಅದರಲ್ಲಿದ್ದ ಮಾತು ಸಿಗುವುದೂ ಇಲ್ಲ.

ಸಿವಿಯನ್ನು ಫೋಟೋ ತೆಗೆದು ಕಳಿಸಬೇಡಿ, ಪಿಡಿಎಫ್ ಮಾಡಿ. ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆ ಇಡಿ. `CV final new.pdf` ಎಂಬ ಫೈಲ್ ಯಾರದ್ದೆಂದು ನಾಳೆ ಅವರಿಗೆ ಗೊತ್ತಾಗುವುದಿಲ್ಲ.

ಶನಿವಾರ, ಭಾನುವಾರ ಹೆಚ್ಚಿನ ಆಫೀಸುಗಳಿಗೆ ರಜೆ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು. ಸೋಮವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಕಳಿಸಿ. ನೀಲಿ ಟಿಕ್ ಬಿದ್ದು ಉತ್ತರ ಬರದಿದ್ದರೆ ಮೂರ್ನಾಲ್ಕು ಕೆಲಸದ ದಿನ ಬಿಟ್ಟು ಒಂದೇ ಸಾಲು ಕೇಳಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ಯಾರಾದರೂ ಕೆಲಸ ಕೊಡಿಸಲು ನಿಮ್ಮಿಂದಲೇ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೆಲಸಗಾರರಿಂದ ಹಾಗೆ ಹಣ ತೆಗೆದುಕೊಳ್ಳುವುದು ಇಲ್ಲಿನ ಕಾನೂನಿಗೆ ವಿರುದ್ಧ.