ಕ್ಲಿಕ್ ದುಬಾರಿಯಾದಾಗ ಬಜೆಟ್ ಇಳಿಸಿದೆವು, ದೀಪಾವಳಿ ಉಳಿಯಿತು

ನಾನು ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣ ಮಾರುವ ಒಂದು ಸಣ್ಣ ಆನ್‌ಲೈನ್ ಅಂಗಡಿಗೆ ಜಾಹೀರಾತು ನೋಡಿಕೊಳ್ಳುತ್ತೇನೆ. 2025ರ ಹಬ್ಬಕ್ಕೆ ಬಜೆಟ್ ಅರ್ಧ ಮಾಡೋಣ ಅಂದಾಗ ಮಾಲೀಕರಿಗೆ ಸಿಟ್ಟೇ ಬಂತು. "ಹಬ್ಬದಾಗ ಎಲ್ಲಾರೂ ರೊಕ್ಕ ಸುರೀತಾರ, ನೀವು ಕೈ ಕಟ್ಕೊಂಡು ಕುಂದ್ರು ಅಂತೀರಲ್ರೀ" ಅಂದರು. ಪರಿಚಯದ ಇಬ್ಬರು ಏಜೆನ್ಸಿಯವರೂ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಆರ್ಡರ್ ತರಲು ಜಾಹೀರಾತಿಗೆ ಎಷ್ಟು ಕೊಡಬಹುದು ಅನ್ನೋದು. ನಮ್ಮ ಸೀರೆ 1,800 ರೂಪಾಯಿ. ಮಾಲು, ಪ್ಯಾಕಿಂಗ್, ಕೊರಿಯರ್ ಕಳೆದರೆ 640 ಉಳಿಯುತ್ತದೆ. ಬಹಳ ಜನ ಈ 640ಕ್ಕೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಕ್ಯಾಶ್ ಆನ್ ಡೆಲಿವರಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ವಾಪಸ್ ಬರುತ್ತವೆ. ಒಂದೊಂದಕ್ಕೂ ಹೋಗಿ ಬರುವ ಖರ್ಚು 190ರ ಆಸುಪಾಸು. ಅಂದರೆ ನೂರು ಆರ್ಡರಿಗೆ ಕೈಗೆ ಬರುವುದು 47 ಸಾವಿರ ಚಿಲ್ಲರೆ. ಆರ್ಡರೊಂದಕ್ಕೆ 470 ದಾಟಿದರೆ ನಷ್ಟ. 150 ಲಾಭ ಬೇಕಂದರೆ 320ಕ್ಕೆ ನಿಲ್ಲಬೇಕು, ಅದೂ ಜಾಹೀರಾತಿನ ಮೇಲಿನ 18% ಜಿಎಸ್‌ಟಿ ಸೇರಿ.

ಸಾಧಾರಣ ದಿನಗಳಲ್ಲಿ ಮೆಟಾದಲ್ಲಿ ಹೊಸಬರಿಗೆ ತೋರಿಸುವ ಜಾಹೀರಾತಿಗೆ ಸಿಪಿಎಂ, ಅಂದರೆ ಸಾವಿರ ಸಲ ತೋರಿಸುವ ಬೆಲೆ, 75-80 ರೂಪಾಯಿ ಇರುತ್ತದೆ. ಕ್ಲಿಕ್ 5 ರೂಪಾಯಿ, ಆರ್ಡರು ತೆರಿಗೆ ಸೇರಿ 330ರ ಹತ್ತಿರ. ಲಾಭ ತೆಳು, ಆದರೆ ಇದೆ. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು, 23ಕ್ಕೆ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಸೇಲೂ ಶುರು. ಆ ವಾರವೇ ಸಿಪಿಎಂ 170ಕ್ಕೆ ಏರಿತು, ಕ್ಲಿಕ್ 11 ರೂಪಾಯಿ ಆಯಿತು. ಹಬ್ಬದಲ್ಲಿ ಜನ ಕೊಳ್ಳುವುದು ಜಾಸ್ತಿ, ನಿಜ. ನಮ್ಮಲ್ಲೂ ನೂರು ಕ್ಲಿಕ್ಕಿಗೆ 1.8 ಇದ್ದದ್ದು 2.4 ಆರ್ಡರ್ ಆಯಿತು. ಆದರೆ ಬೆಲೆ ಎರಡು ಪಟ್ಟು, ಮಾರಾಟ ಒಂದೂಕಾಲು ಪಟ್ಟು ಚಿಲ್ಲರೆ. ಆರ್ಡರಿಗೆ ತೆರಿಗೆ ಸೇರಿ 540 ಬಿತ್ತು. ಒಂದೊಂದು ಆರ್ಡರಿಗೂ 70 ರೂಪಾಯಿ ಕೈಯಿಂದ ಹಾಕಿ ಮಾರಿದ ಹಾಗೆ. ಮಾಲೀಕರ ಹಟಕ್ಕೆ ನಾಲ್ಕೈದು ದಿನ ನಡೆಸಿ, ಅವರಿಗೇ ತೋರಿಸಿ ನಿಲ್ಲಿಸಿದೆ.

ನಾವು ಹೊಸಬರನ್ನು ಕೊಂಡದ್ದು ಆಷಾಢ, ಶ್ರಾವಣದಲ್ಲೇ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಸುಮಾರು 95 ಸಾವಿರ ಹಾಕಿದ್ದೆವು. ಮುಕ್ಕಾಲು ಪಾಲು ನೇರ ಮಾರಾಟದ ಜಾಹೀರಾತಿಗೆ. ಆಗ ಬಂದ ಆರ್ಡರುಗಳೇ ಆ ಖರ್ಚನ್ನು ಹೊತ್ತವು. ಉಳಿದದ್ದು ಟೋಪ ತೆನಿ ಸೆರಗು ನೇಯುವ ವಿಡಿಯೋಗೆ. ಸೈಟಿಗೆ ಬಂದವರು, ವಿಡಿಯೋ ಮುಕ್ಕಾಲಾದರೂ ನೋಡಿದವರು ಸೇರಿ 40 ಸಾವಿರ ಜನ ಕೂಡಿದರು. ಸೈಟಿಗೆ ಬಂದವರನ್ನು ಮೆಟಾ 180 ದಿನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ, ದೀಪಾವಳಿಗೆ ಧಾರಾಳ ಸಾಕು.

ಹಬ್ಬದ ಬಜೆಟ್ ಬಂದದ್ದು ಈ ಪಟ್ಟಿಯಿಂದಲೇ. 40 ಸಾವಿರ ಜನ, ಮೂರು ವಾರ, ತಲಾ ಆರು ಸಲ ತೋರಿಸಿದರೆ 2.4 ಲಕ್ಷ ಸಲ. ಗೊತ್ತಿದ್ದವರಿಗೇ ತೋರಿಸುವಾಗ ಸಿಪಿಎಂ ಇನ್ನೂ ಜಾಸ್ತಿ, 250. ಆದರೂ ಒಟ್ಟು 60 ಸಾವಿರ ಸಾಕು, ಅದಕ್ಕಿಂತ ಹಾಕಲು ಜಾಗವೇ ಇಲ್ಲ. ಹಾಕಿದರೆ ಅದೇ ಮುಖಗಳಿಗೆ ಎಂಟು, ಹತ್ತು ಸಲ ಬಡಿಯುತ್ತದೆ. ಫ್ರೀಕ್ವೆನ್ಸಿ ಏರುತ್ತಾ ಕ್ಲಿಕ್ ಇಳಿಯುತ್ತಿದ್ದರೆ ಪಟ್ಟಿ ಬತ್ತಿತು ಅಂತಲೇ ಅರ್ಥ. ನಮಗೆ 6 ಸಾವಿರ ಕ್ಲಿಕ್, 240ರ ಆಸುಪಾಸು ಆರ್ಡರ್ ಬಂದವು. ತೆರಿಗೆ ಸೇರಿ 295 ಬಿತ್ತು.

ಬಜೆಟ್ ಮೂರು ದಿನಕ್ಕೊಮ್ಮೆ 20%ಕ್ಕಿಂತ ಜಾಸ್ತಿ ಏರಿಸಲಿಲ್ಲ. ಹಿಂದಿನ ವರ್ಷ ಮಾಲೀಕರು ಒಂದೇ ರಾತ್ರಿ ಎರಡು ಪಟ್ಟು ಮಾಡಿಸಿದ್ದರು. ಆ್ಯಡ್ ಸೆಟ್ ಮತ್ತೆ ಲರ್ನಿಂಗಿಗೆ ಹೋಗಿ, ಅಂದರೆ ಯಾರಿಗೆ ತೋರಿಸಬೇಕು ಅಂತ ಮೆಟಾ ಮೊದಲಿಂದ ಕಲಿಯೋಕೆ ಶುರು ಮಾಡಿ, ಆಯುಧಪೂಜೆ ಮುಗಿದ ಮೇಲೆ ಸರಿಹೋಯಿತು.

ಮಧ್ಯೆ ಸುಮ್ನೆ ಎರಡು ಪ್ರಯೋಗ ಮಾಡಿದೆ. ಬೆಳಗಿನ ಜಾವ ಮಾತ್ರ ಜಾಹೀರಾತು ಓಡಿಸಿದರೆ ಕ್ಲಿಕ್ ಅಗ್ಗ ಸಿಗುತ್ತದೆ, ಆದರೆ ವಾಪಸ್ ಬರುವ ಪಾರ್ಸಲ್ ಜಾಸ್ತಿ. ಯಾಕೆಂದು ಗೊತ್ತಾಗಲಿಲ್ಲ, ಬಿಟ್ಟೆ. ಗೂಗಲ್‌ನಲ್ಲಿ "ಇಳಕಲ್ ಸೀರೆ" ಅಂತ ಕನ್ನಡದಲ್ಲೇ ಕೀವರ್ಡ್ ಹಾಕಿದೆ. ಹುಡುಕುವವರು ಕಡಿಮೆ, ಆದರೆ ಇಂಗ್ಲಿಷ್ ಕೀವರ್ಡಿನ ಅರ್ಧ ಬೆಲೆಗೆ ಕ್ಲಿಕ್ ಸಿಕ್ಕಿತು. ಹಳೇ ಗಿರಾಕಿಗಳಿಗೆ ವಾಟ್ಸಾಪ್ ಸಂದೇಶ ಯಾವಾಗ, ಯಾವ ಕ್ರಮದಲ್ಲಿ ಬಿಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ!

ದೀಪಾವಳಿಗೆ ಐದು ದಿನ ಮುಂಚೆ ಕ್ಯಾಶ್ ಆನ್ ಡೆಲಿವರಿ ಮುಚ್ಚಿದೆ. ಹಬ್ಬ ಕಳೆದು ತಲುಪುವ ಸೀರೆಯನ್ನು ಯಾರೂ ಬಾಗಿಲಲ್ಲಿ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಅಕ್ಟೋಬರ್ 22ಕ್ಕೆ ಬಲಿಪಾಡ್ಯಮಿ ಮುಗಿಯಿತು. ದೊಡ್ಡ ಕಂಪನಿಯವರು ಜಾಹೀರಾತು ಜಾಗದ ಹರಾಜಿನಿಂದ ಎದ್ದು ಹೋದರು, ವಾರದೊಳಗೆ ಸಿಪಿಎಂ ನೂರರ ಕೆಳಗೆ ಬಂತು. ಸೆಪ್ಟೆಂಬರಿನಲ್ಲಿ ಉಳಿಸಿದ್ದ 50 ಸಾವಿರವನ್ನು ಆಗ ಹೊಸಬರ ಮೇಲೆ ಹಾಕಿದೆ. ತುಳಸಿ ಲಗ್ನದ ನಂತರ ಮದುವೆ ಸೀರೆ ಕೇಳುವವರು ಶುರುವಾಗುತ್ತಾರೆ, ಆ ಪಟ್ಟಿ ಅವರಿಗಾಗಿ.